ತಂಗಿ ಹಿಡಿದ ಫೋನಿನ ಮುಂದೆ

ನನ್ನ ಹಳೆಯ ಫೋನಿನಲ್ಲಿ ಎಂಬತ್ತೆಂಟು ಸೆಕೆಂಡಿನ ಒಂದು ವಿಡಿಯೋ ಇದೆ. ಎಣ್ಣೆ ಹಚ್ಚಿ ಬಾಚಿದ ಜಡೆ, ಅಮ್ಮನ ಪಿನ್ನು ಚುಚ್ಚಿದ ದುಪಟ್ಟಾ, ಹಣೆ ಮೇಲೆ ಬೆವರು. ಡಿಪ್ಲೊಮಾ ಕೊನೆಯ ವರ್ಷದ ಹುಡುಗಿ ಹತ್ತನೇ ತರಗತಿಯ ಮಕ್ಕಳಿಗೆ ಪರೀಕ್ಷೆಯ ಬಗ್ಗೆ ಧೈರ್ಯ ಹೇಳುತ್ತಿದ್ದಾಳೆ. ಈಗ ಸಂಡೂರಿನ ಗಣಿ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಯಾವಾಗಲಾದರೂ ಅದನ್ನು ಹಾಕಿಕೊಂಡು ನೋಡುತ್ತೇನೆ. ನಗು ಬರುತ್ತದೆ. ಆಮೇಲೆ ಅದನ್ನು ತೆಗೆಯುವಾಗ ಫೋನು ಹಿಡಿದು ನಿಂತಿದ್ದವಳು ನೆನಪಾಗುತ್ತಾಳೆ, ನಗು ಅರ್ಧಕ್ಕೇ ನಿಲ್ಲುತ್ತದೆ.

ಫೋನು ಹಿಡಿದಿದ್ದವಳು ನನ್ನ ತಂಗಿ. ಸ್ವಂತ ತಂಗಿ ಅಲ್ಲ, ಕಂಪ್ಲಿಯಲ್ಲಿರುವ ಚಿಕ್ಕಮ್ಮನ ಮಗಳು. ಒಂಬತ್ತನೇ ತರಗತಿಗೆ ಹೊಸಪೇಟೆಗೆ ಬಂದು, ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿದ್ದು, ನಾನು ಓದಿದ ಶಾಲೆಯಲ್ಲೇ ಓದುತ್ತಿದ್ದಳು. ಆ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ಪರೀಕ್ಷೆಗೆ ಆರು ವಾರ ಇರುವಾಗ ಅವಳು, ಗಣಿತದ ಪರೀಕ್ಷೆಗೆ ಕೂರುವುದಿಲ್ಲ ಎಂದು ತೀರ್ಮಾನ ಮಾಡಿದ್ದಳು. ಹಟ ಮಾಡಿ, ಅತ್ತು ಹೇಳಿದ್ದಲ್ಲ. ಒಗೆದ ಬಟ್ಟೆ ಮಡಚುತ್ತಾ, ನಾಳೆ ನೀರು ಬರುವುದಿಲ್ಲವಂತೆ ಎನ್ನುವ ದನಿಯಲ್ಲಿ ಹೇಳಿದ್ದು.

ಅದಕ್ಕೆ ಕಾರಣ ನಾನು ಎಂಬುದು ನನಗೆ ಗೊತ್ತಿತ್ತು. ಹೇಗೆ ಅಂತ ಹೇಳಬೇಕಾದರೆ ನನ್ನ ಅಕ್ಷರದಿಂದ ಶುರು ಮಾಡಬೇಕು.

ನನ್ನದು ಮುತ್ತು ಪೋಣಿಸಿದಂಥ ಅಕ್ಷರ. ಹಾಗಂತ ನಾನು ಹೇಳಿಕೊಳ್ಳುತ್ತಿಲ್ಲ, ಇಡೀ ಶಾಲೆ ಹೇಳುತ್ತಿತ್ತು. ಶಾಲೆಯ ಬಾಗಿಲ ಬಳಿಯ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ಸುಭಾಷಿತ ಬರೆಯುವ ಕೆಲಸ ಮೂರು ವರ್ಷ ನನ್ನದೇ ಆಗಿತ್ತು. ಪ್ರಾರ್ಥನೆಗೆ ಮೊದಲೇ ಹೋಗಿ, ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿ, ಅದು ಆರುವವರೆಗೆ ಸೀಮೆಸುಣ್ಣ ಕೈಯಲ್ಲಿ ಹಿಡಿದು ಕಾಯುತ್ತಿದ್ದೆ. ಆ ಹೊತ್ತಿನ ಶಾಲೆಯ ವಾಸನೆ ಈಗಲೂ ಮೂಗಿನಲ್ಲಿದೆ. ನೀರು ಚಿಮುಕಿಸಿದ ಅಂಗಳ, ಬಿಸಿಯೂಟದ ಕೋಣೆಯಿಂದ ಬರುವ ಒಗ್ಗರಣೆ, ರಸ್ತೆಯಲ್ಲಿ ಹೋದ ಅದಿರು ಲಾರಿ ಎಬ್ಬಿಸಿದ ಕೆಂಪು ಧೂಳು. ಅಂಥ ಬೆಳಗುಗಳು ಮತ್ತೆ ಸಿಕ್ಕವೇ ಎಂದರೆ ಇಲ್ಲ. ಮೇಷ್ಟ್ರುಗಳೆಲ್ಲ ಉಳಿದ ಮಕ್ಕಳಿಗೆ ನನ್ನ ನೋಟ್‌ಬುಕ್ಕು ತೋರಿಸಿ, "ಪೇಪರ್ ಅಂದ್ರ ಹಿಂಗಿರಬೇಕು ನೋಡ್ರಲೇ" ಎನ್ನುತ್ತಿದ್ದರು. ನನ್ನ ತಲೆ ತಿರುಗಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯಲ್ಲಿ ಆ ಅಕ್ಷರವೇ ನನ್ನನ್ನು ಮುಳುಗಿಸಿತು. ಅಂದ ಕೆಡಬಾರದು ಎಂದು ಪ್ರತಿ ಲೆಕ್ಕವನ್ನೂ ಉತ್ತರ ಪತ್ರಿಕೆಯ ಕೊನೆಯ ಪುಟಗಳಲ್ಲಿ ಪೆನ್ಸಿಲ್ಲಿನಲ್ಲಿ ಬಿಡಿಸಿ, ಆಮೇಲೆ ಮುಂದಿನ ಪುಟಕ್ಕೆ ಪೆನ್ನಿನಲ್ಲಿ ನಕಲು ಮಾಡುತ್ತಾ ಹೋದೆ. ಸ್ಕೇಲು ಹಿಡಿದು ಅಂಚಿಗೆ ಗೆರೆ ಎಳೆದೆ. ಉತ್ತರಕ್ಕೆ ಚೌಕ ಹಾಕಿದೆ. ಒಂದೊಂದು ಲೆಕ್ಕವನ್ನೂ ಎರಡೆರಡು ಸಲ ಬರೆದಂತೆ ಆಯಿತು. ಕೊನೆಯ ಐದು ನಿಮಿಷದ ಗಂಟೆ ಹೊಡೆದಾಗ ದೊಡ್ಡ ಪ್ರಶ್ನೆಗಳು ಇನ್ನೂ ಹಿಂದಿನ ಪುಟಗಳಲ್ಲೇ ಇದ್ದವು. ಗಾಬರಿಯಲ್ಲಿ, ರಫ್ ಅಂದರೆ ಹೊಡೆದು ಹಾಕಬೇಕು ಎಂದು ಕಲಿಸಿದ್ದು ಮಾತ್ರ ನೆನಪಾಗಿ, ಆ ಪುಟಗಳ ಮೇಲೆಲ್ಲ ಮೂಲೆಯಿಂದ ಮೂಲೆಗೆ ಉದ್ದ ಗೆರೆ ಎಳೆದು ಕೊಟ್ಟು ಬಂದೆ. ಆ ಗೆರೆಯೂ ಸ್ಕೇಲಿನಲ್ಲೇ.

ಎಂಬತ್ತಕ್ಕೆ ಇಪ್ಪತ್ತಮೂರು ಬಂತು. ಪಾಸಾಗಲು ಇಪ್ಪತ್ತೆಂಟು ಬೇಕಿತ್ತು.

ನಮ್ಮ ಗಣಿತದ ಸರ್ ಮಂಡಳಿಗೆ ಅರ್ಜಿ ಹಾಕಿಸಿ ನನ್ನ ಉತ್ತರ ಪತ್ರಿಕೆಯ ನಕಲು ಪ್ರತಿ ತರಿಸಿದರು. ಸ್ಟಾಫ್ ರೂಮಿನಲ್ಲಿ ಇಬ್ಬರೂ ಕೂತು ಪುಟ ತಿರುವಿದೆವು. ಹೊಡೆದು ಹಾಕಿದ ಪುಟಗಳಲ್ಲಿ ನಾಲ್ಕು ಅಂಕದ ನಕ್ಷೆ ಲೆಕ್ಕದ ಕೋಷ್ಟಕ ಸರಿಯಾಗಿತ್ತು. ಸರಾಸರಿಯ ಲೆಕ್ಕ ಪೂರ್ತಿ ಸರಿಯಿತ್ತು. ಪ್ರಮೇಯದ ಚಿತ್ರ, ದತ್ತ, ಸಾಧನೀಯ ಎಲ್ಲ ಇದ್ದವು. ಸರ್ ಪೆನ್ಸಿಲ್ಲಿನ ತುದಿಯಿಂದ ಒಂದೊಂದನ್ನೇ ಮುಟ್ಟಿ ಎಣಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊಡೆದು ಹಾಕಿದ್ದಕ್ಕ ಅವ್ರು ಅಂಕ ಕೊಡಂಗಿಲ್ಲವ್ವ. ಪಾಸಾದ ಪೇಪರನ್ನ ನಿನ್ನ ಕೈಯಾರೆ ಫೇಲ್ ಮಾಡಿಕೊಂಡು ಬಂದಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಈ ವಿಷಯ ಕಂಪ್ಲಿಗೆ ಗೊತ್ತಾಗಲಿಲ್ಲ. ಫಲಿತಾಂಶದ ದಿನ ಚಿಕ್ಕಮ್ಮ ಫೋನ್ ಮಾಡಿ ಏನಾಯಿತು ಎಂದಾಗ, ನನ್ನ ಮುಖ ನೋಡುತ್ತಲೇ ಅಮ್ಮ, "ಪಾಸಾತು" ಎಂದುಬಿಟ್ಟಳು. ಬಾಯಿಂದ ಜಾರಿದ್ದು ಅಷ್ಟೇ. ಆದರೆ ಸಂಜೆಯ ಹೊತ್ತಿಗೆ ಕಂಪ್ಲಿಯಲ್ಲಿ ಅಜ್ಜಿ ಓಣಿಗೆಲ್ಲ ಪೇಡೆ ಹಂಚಿಯಾಗಿತ್ತು. ಹಂಚಿದ ಪೇಡೆ ವಾಪಸ್ ಕೇಳಲಾಗುತ್ತದೆಯೇ? ಜೂನಿನಲ್ಲಿ ಪೂರಕ ಪರೀಕ್ಷೆ ಬರೆಯುವ ದಿನ ಅಜ್ಜಿ ನಮ್ಮ ಮನೆಯಲ್ಲೇ ಇದ್ದಳು. ನಾನು ಹಾಲ್ ಟಿಕೆಟ್ಟನ್ನು ಪುಸ್ತಕದೊಳಗೆ ಇಟ್ಟುಕೊಂಡು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆಂದು ಕಾಲಿಗೆ ಬಿದ್ದು ಹೊರಟೆ. "ಕಂಪ್ಯೂಟ್ರಿಗೂ ಕಾಲಿಗೆ ಬೀಳ್ತಾಳ, ಎಂಥಾ ಸಂಸ್ಕಾರ" ಎಂದು ಅಜ್ಜಿ ಹೆಮ್ಮೆಪಟ್ಟಳು. ಅಮ್ಮ ಒಳಗೆ ಹೋದಳು.

ಆ ಸಲ ಚೆಂದಕ್ಕೆ ನಮಸ್ಕಾರ ಹೇಳಿ ಬರೆದೆ, ಪಾಸಾದೆ. ಉಳಿದಿದ್ದ ಸೀಟಿನಲ್ಲಿ ಡಿಪ್ಲೊಮಾ ಸೇರಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಕಂಪ್ಲಿಯ ಮನೆಯಲ್ಲಿ ನಾನು ಒಂದೇ ಏಟಿಗೆ ಪಾಸಾದ ಅಕ್ಕ ಆಗಿಹೋಗಿದ್ದೆ. ಅಕ್ಕನ ಶಾಲೆಯಲ್ಲಿ ಓದಿದರೆ ಇವಳೂ ಉದ್ಧಾರ ಆಗುತ್ತಾಳೆ ಎಂದೇ ತಂಗಿಯನ್ನು ನಮ್ಮಲ್ಲಿಗೆ ಕಳಿಸಿದ್ದು. ಚಿಕ್ಕಮ್ಮ ವಾರಕ್ಕೊಮ್ಮೆ ಫೋನ್ ಮಾಡಿ, "ನಿಮ್ಮ ಅಕ್ಕನ್ನ ನೋಡಿ ಕಲಿ" ಎನ್ನುತ್ತಿದ್ದಳು. ಫೋನು ಸ್ಪೀಕರಿನಲ್ಲಿರುತ್ತಿತ್ತು. ನಾನು ತಟ್ಟೆ ತೊಳೆಯಲು ಎದ್ದು ಹೋಗುತ್ತಿದ್ದೆ.

ತಂಗಿ ದಡ್ಡಿಯಲ್ಲ. ಕೊರೊನಾ ಕಾಲದಲ್ಲಿ ಎರಡು ವರ್ಷ ಶಾಲೆ ಸರಿಯಾಗಿ ನಡೆಯದೆ, ಮನೆಯಲ್ಲಿದ್ದ ಒಂದೇ ಫೋನಿನಲ್ಲಿ ಪಾಠ ಕೇಳಿದ ಮಕ್ಕಳಲ್ಲಿ ಅವಳೂ ಒಬ್ಬಳು. ಆ ಫೋನಿನಿಂದ ಬೀಜಗಣಿತ ಬರಲಿಲ್ಲ, ವಿಡಿಯೋ ಮಾಡುವುದು ಬಂತು. ಓಣಿಯ ಸೀಮಂತ, ನಾಮಕರಣಗಳನ್ನೆಲ್ಲ ಮೂವತ್ತು ಸೆಕೆಂಡಿಗೆ ಕತ್ತರಿಸಿ, ಹಾಡು ಜೋಡಿಸಿ ಕೊಡುತ್ತಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಅವಳಿಗೆ ಹದಿನೇಳು ಬಂದಿತ್ತು. ಅದಾದ ಮೇಲೆಯೇ ಬಟ್ಟೆ ಮಡಚುತ್ತಾ ಆ ಮಾತು ಹೇಳಿದ್ದು.

"ಗಣಿತಕ್ಕ ನಾ ಕುಂದ್ರಂಗಿಲ್ಲಕ್ಕ. ಬರ್ದು ಫೇಲಾಗದಕ್ಕಿಂತ ಜ್ವರ ಬಂದಿತ್ತು ಅಂದ್ರ ಆತು. ಆಮೇಲೆ ಕಂಪ್ಲಿಗೆ ಹೋಗಿ ನಮ್ಮವ್ವನ ಹೊಲಿಗಿ ಅಂಗಡ್ಯಾಗ ಕುಂದ್ರತೀನಿ."

"ಹೊಲಿಗಿ ಅಂದ್ರ ನಿನಗ ಆಗಂಗಿಲ್ಲಲ್ಲ?"

"ಆಗಂಗಿಲ್ಲ. ಆದ್ರ ಅಲ್ಲಿ ಯಾರೂ ನಂಬರ್ ಕೇಳಂಗಿಲ್ಲ."

ಅದೇ ವಾರ ಗಣಿತದ ಸರ್ ಫೋನ್ ಮಾಡಿದರು. ಹತ್ತನೇ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಚಿಕ್ಕ ವಿಡಿಯೋ ಬೇಕು, ಹಳೇ ವಿದ್ಯಾರ್ಥಿನಿ ಮಾತಾಡಬೇಕು, ಮೇಷ್ಟ್ರುಗಳು ಹೇಳಿದರೆ ಮಕ್ಕಳು ಆಕಳಿಸುತ್ತಾರೆ ಎಂದರು. ಒಂದು ಹಾಳೆಯಲ್ಲಿ ಮಾತು ಬರೆದೂ ಕಳಿಸಿದರು. ಮೊದಲ ನಾಲ್ಕು ಸಾಲು ಕನಸು, ಗುರಿ, ಪರಿಶ್ರಮ. ಕೊನೆಯ ಎರಡು ಸಾಲು ಶುಭ ಹಾರೈಕೆ. ನಡುವೆ ಅರ್ಧ ಹಾಳೆ ಖಾಲಿ, ಅದರ ಪಕ್ಕ "ಇಲ್ಲಿ ನಿನ್ನ ಅನುಭವ, ನಲವತ್ತು ಸೆಕೆಂಡು" ಎಂದು ಬರೆದಿದ್ದರು. ಆ ಖಾಲಿ ಜಾಗವನ್ನು ನಾನು ಭಾಳ ಜಾಣತನದಿಂದ ತುಂಬಿ ಸರ್‌ಗೂ ಕಳಿಸಿದೆ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದೆ, ದಿನಕ್ಕೆ ಇಪ್ಪತ್ತು ಲೆಕ್ಕ ಮಾಡುತ್ತಿದ್ದೆ, ಮನಸ್ಸಿದ್ದರೆ ಗಣಿತ ನೀರು ಕುಡಿದಷ್ಟು ಸುಲಭ. ಒಂದಕ್ಷರ ನಿಜವಿಲ್ಲ. ನಾಲ್ಕಕ್ಕೆ ನಾನು ಎದ್ದಿದ್ದು ಬಹುಶಃ ಹುಟ್ಟಿದ ದಿನ ಮಾತ್ರ.

ವಿಡಿಯೋ ತೆಗೆಯುವ ಕೆಲಸಕ್ಕೆ ತಂಗಿ ತಕ್ಷಣ ಒಪ್ಪಿದಳು. ಗಣಿತ ಬಿಟ್ಟು ಬೇರೆ ಏನಿದ್ದರೂ ಅವಳಿಗೆ ಉತ್ಸಾಹವೇ. ಹಿಂದೆ ಏನಾದರೂ ದೊಡ್ಡದು ಕಾಣಬೇಕು, ಹಂಪಿಗೆ ಹೋಗೋಣ ಎಂದಳು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆವು. ಕಡ್ಡಿರಾಂಪುರ ದಾಟಿದ ಮೇಲೆ ಕಿಟಕಿಯಲ್ಲಿ ಬಾಳೆ ತೋಟದ ತಣ್ಣನೆ ಗಾಳಿ ಬರುವುದು, ಅವಳು ಫೋನು ಹೊರಗೆ ಹಿಡಿಯುವುದು, ಕಂಡಕ್ಟರ್ ಬೈಯುವುದು, ನಾವಿಬ್ಬರೂ ನಗುವುದು. ಅವಳ ಜೊತೆ ಅಷ್ಟು ನಕ್ಕ ಬೆಳಗು ಅದಕ್ಕೆ ಮೊದಲು ಇರಲಿಲ್ಲ. ಆ ಬಸ್ಸಿನಲ್ಲಿ ಇನ್ನೊಮ್ಮೆ ಅದೇ ಸೀಟಿನಲ್ಲಿ ಅವಳ ಪಕ್ಕ ಕೂರಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ಒಂದು ಮಂಟಪದ ಮುಂದೆ ಟ್ರೈಪಾಡು ಬಿಚ್ಚಿದ್ದೇ ತಡ, ಕಾವಲಿನವರು ಸೀಟಿ ಊದುತ್ತಾ ಬಂದರು. "ಸ್ಟ್ಯಾಂಡ್ ಹಾಕಂಗಿಲ್ರಿ ಇಲ್ಲಿ, ಪರ್ಮಿಷನ್ ಬೇಕು. ಕೈಯಾಗ ಹಿಡ್ಕೊಂಡು ತಕ್ಕೊಳ್ರಿ" ಎಂದರು. ಹಾಗಾಗಿ ಹೊಳೆಯ ಕಡೆಗೆ ಹೋಗಿ ಒಂದು ಬಂಡೆಗೆ ಬೆನ್ನು ಕೊಟ್ಟು ನಿಂತೆ. ತಂಗಿ ಫೋನನ್ನು ಉದ್ದಕ್ಕೆ ಹಿಡಿದು, ಎರಡೂ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಕೈ ಅಲುಗಬಾರದು ಎಂದು ಮಾತಾಡುವಾಗ ಉಸಿರನ್ನೂ ಸಣ್ಣಗೆ ಬಿಡುತ್ತಿದ್ದಳು.

"ಮೊದಲ ಮೂರು ಸೆಕೆಂಡಿನಾಗ ಹಿಡಿಬೇಕಕ್ಕ. 'ಎಲ್ಲರಿಗೂ ನಮಸ್ಕಾರ' ಅಂದಿ ಅಂದ್ರ ಬೆರಳಲೆ ಮ್ಯಾಲಕ್ಕ ತಳ್ಳಿಬಿಡ್ತಾರ" ಎಂದು ಪಾಠ ಹೇಳಿದಳು. "ಚೀಟಿ ನೋಡಬ್ಯಾಡ. ಕಣ್ಣು ಕೆಳಗ ಹೋದ್ರ ಸುಳ್ಳು ಹೇಳಿದಂಗ ಕಾಣ್ತೈತಿ."

ನಾನು ಕಣ್ಣು ಕೆಳಗೆ ಹಾಕದೆ, ನೇರ ಲೆನ್ಸಿಗೆ ನೋಡುತ್ತಲೇ ಎಲ್ಲ ಸುಳ್ಳನ್ನೂ ಹೇಳಿದೆ. ಮೂರನೇ ಸಲಕ್ಕೆ ತಡವರಿಸದೆ ಮುಗಿಯಿತು. ತಂಗಿ ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿ ನಿಲ್ಲಿಸಿ, "ಮಸ್ತ್ ಬಂತು" ಎಂದಳು. ದನಿಯಲ್ಲಿ ಮಸ್ತ್ ಏನೂ ಇರಲಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಹೊಳೆಯ ಗಾಳಿ ಮೈಕಿಗೆ ಬಡಿದು ಬುಸ್ ಬುಸ್ ಎನ್ನುತ್ತಿತ್ತು, ನನ್ನ ಅರ್ಧ ಮಾತು ಅದರಲ್ಲೇ ಮುಳುಗಿತ್ತು. ಶಾಲೆಯ ಕೋಣೆಯಲ್ಲೇ ಮತ್ತೆ ತೆಗೆಯಬೇಕು ಎಂದಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಹೊರಗೆ ನೋಡುತ್ತಾ ಕೂತಿದ್ದಳು. ಫೋನು ಮಡಿಲಲ್ಲಿ ಮುಗುಚಿ ಬಿದ್ದಿತ್ತು.

"ಏನಾತು?"

"ಏನಿಲ್ಲ. ಧೈರ್ಯ ಬರ್ಲಿ ಅಂತ ಮಾಡಿದ ವಿಡಿಯೋ. ಮೂರು ಸಲ ಕೇಳಿದ್ನಲ್ಲ, ಮೂರು ಸಲನೂ ನನಗ ಹೆದ್ರಿಕಿ ಜಾಸ್ತಿ ಆತು. ನಿನ್ನಂಥೋರಿಗೆ ಆಗ್ತೈತಿ ಅಕ್ಕ. ನಾವು ನೀರು ಕುಡಿಯಾಕ ಹೋದ್ರೂ ಗಂಟಲಿಗೆ ಸಿಗ್ತೈತಿ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅಲ್ಲೇ ಹೇಳಬಹುದಿತ್ತು. ಹೊಸಪೇಟೆ ಬರಲು ಇನ್ನೂ ಕಾಲು ಗಂಟೆ ಇತ್ತು, ಬಸ್ಸಿನಲ್ಲಿ ನಮ್ಮ ಗುರುತಿನವರೂ ಇರಲಿಲ್ಲ. ಬಾಯಿ ತೆರೆದೆ, ಆದರೆ ಅಜ್ಜಿಯ ಪೇಡೆ ಅಡ್ಡ ಬಂತು. ಪುಕ್ಕಲಿ ನಾನು. ಮುಂದಿನ ಸ್ಟಾಪಿನಲ್ಲಿ ಕಡಲೆಕಾಯಿ ಕೊಡಿಸಿದೆ.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹತ್ತನೇ ತರಗತಿಯ ಕೋಣೆಯಲ್ಲಿ ಸೇರಿದೆವು. ಅದೇ ಬೆಂಚು, ಅದೇ ಕೊರೆದ ಹೆಸರುಗಳು, ನಾನು ಕೂರುತ್ತಿದ್ದ ಜಾಗದ ಮೇಲೆ ಈಗ ಯಾರೋ ಶಾಯಿ ಚೆಲ್ಲಿದ್ದರು. ಬೆಂಚಿನ ಮೇಲೆ ಒಮ್ಮೆ ಕೈ ಆಡಿಸಿದೆ. ತಂಗಿ ಮಾತ್ರ ಕೆಲಸದಲ್ಲಿದ್ದಳು. ಫ್ಯಾನು ಸದ್ದು ಮಾಡುತ್ತದೆಂದು ಆರಿಸಿದಳು. ಕಿಟಕಿ ನನ್ನ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆಂದು ನನ್ನನ್ನು ತಿರುಗಿಸಿ, ಬೆಳಕು ಎದುರಿಗೆ ಬರುವಂತೆ ಕೂರಿಸಿದಳು. ದುಪಟ್ಟಾ ಮೈಕಿಗೆ ಉಜ್ಜುತ್ತದೆ ಎಂದು ಪಿನ್ನು ಹಾಕಿದಳು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಯಾರ ಕರೆಯೂ ನಡುವೆ ಬರದಂತೆ ಮಾಡಿದಳು. ಹದಿನೇಳು ಅಂಕದ ಹುಡುಗಿ ಇಷ್ಟನ್ನೆಲ್ಲ ಒಂದನ್ನೂ ಮರೆಯದೆ ಮಾಡುವುದನ್ನು ನೋಡುತ್ತಾ ಕೂತಿದ್ದೆ.

ಅವಳು ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಸರ್ ಕಡೆ ತಿರುಗಿ ಮೆಲ್ಲಗೆ ಹೇಳಿದೆ. "ಸರ, ನನ್ನ ಬದ್ಲಿ ಬ್ಯಾರೆ ಯಾರನ್ನರ ಕರೀರಿ. ಡಿಸ್ಟಿಂಕ್ಷನ್ ಬಂದೋರು ಎಷ್ಟು ಮಂದಿ ಅದಾರ. ನಾ ಹೇಳೋದೆಲ್ಲ ಸುಳ್ಳು ಅಂತ ನಿಮಗೂ ಗೊತ್ತೈತಿ."

ಸರ್ ಕಿಟಕಿಯಲ್ಲಿ ನಿಂತು ಅಂಗಳ ನೋಡುತ್ತಿದ್ದರು. "ಡಿಸ್ಟಿಂಕ್ಷನ್ ಬಂದೋರು ನನಗೂ ಗೊತ್ತದಾರ. ಅವ್ರನ್ನ ಬಿಟ್ಟು ನಿನ್ನ ಯಾಕ ಕರೆದೆ ಅಂತ ಮಾಡೀದಿ? ಅರ್ಧ ಹಾಳಿ ಖಾಲಿ ಬಿಟ್ಟಿದ್ದು ನಾಲ್ಕಕ್ಕ ಎದ್ದೆ ಅಂತ ಬರೀಲಿ ಅಂತ ಅಲ್ಲ" ಎಂದರು. ನನ್ನ ಕಡೆ ತಿರುಗಿ, "ಹೇಳು ಅಂತ ನಾ ಹೇಳಂಗಿಲ್ಲ. ಅದು ನಿನ್ನದು" ಎಂದು ಸೇರಿಸಿ, ಸದ್ದಾಗಬಾರದೆಂದು ಚಪ್ಪಲಿ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತರು.

ತಂಗಿ ಬಂದಳು. ಟ್ರೈಪಾಡು ತಂದಿರಲಿಲ್ಲ, ಫೋನನ್ನು ಕೈಯಲ್ಲೇ ಎತ್ತಿ ಹಿಡಿದಳು. ಮೂರು ಬೆರಳು ತೋರಿಸಿ ಒಂದೊಂದನ್ನೇ ಮಡಚಿದಳು. ಚೀಟಿ ನನ್ನ ಕೈಯಲ್ಲಿ ಒದ್ದೆಯಾಗಿತ್ತು, ಅದನ್ನು ಬೆಂಚಿನ ಕೆಳಗೆ ಹಾಕಿದೆ. ಲೆನ್ಸಿನ ಮೇಲೆ, ಫೋನಿನ ಅಂಚಿನಾಚೆ, ಅವಳ ಕಣ್ಣು ಕಾಣುತ್ತಿತ್ತು. ಅಲ್ಲಿಗೇ ನೋಡಿ ಹೇಳಿದೆ. ಆ ಮಾತು ಇದು, ವಿಡಿಯೋದಲ್ಲಿ ಇರುವಂತೆಯೇ.

"ನಾನು ಎಸ್ಸೆಸ್ಸೆಲ್ಸಿ ಗಣಿತದಾಗ ಫೇಲಾದಾಕಿ. ಎಂಬತ್ತಕ್ಕ ಇಪ್ಪತ್ತಮೂರು. ನಮ್ಮ ಮಂದಿಗೇ ಇದು ಗೊತ್ತಿಲ್ಲ, ನಿಮಗ ಹೇಳಾಕತ್ತೀನಿ. ಲೆಕ್ಕ ಬರಲಾರ್ದಕ್ಕ ಫೇಲಾಗಲಿಲ್ಲ. ಬಂದಿದ್ದನ್ನ ಚೆಂದ ಬರಿಯಾಕ ಹೋಗಿ ಫೇಲಾದೆ. ಹಿಂದ ಬಿಡಿಸೋದು, ಮುಂದ ನಕಲು ಮಾಡೋದು, ಗೆರಿ ಹೊಡಿಯೋದು. ಗಂಟಿ ಆತು. ಸರಿ ಇದ್ದ ಲೆಕ್ಕನೂ ರಫ್ ಅಂತ ಹೊಡೆದು ಹಾಕಿ ಬಂದೆ. ನೀವು ಹಂಗ ಮಾಡಬ್ಯಾಡ್ರಿ. ಮೊದಲ ಹದಿನೈದು ನಿಮಿಷ ಓದಾಕ ಕೊಡ್ತಾರ. ಪೆನ್ನು ಮುಟ್ಟಬ್ಯಾಡ್ರಿ, ಪೂರ್ತಿ ಪೇಪರ್ ಓದ್ರಿ. ನಿಮಗ ಬರೋವು ಯಾವು ಅಂತ ಮನಸಿನಾಗ ಹಿಡಕೊಳ್ರಿ. ಅವನ್ನ ಮೊದ್ಲು ಬರೀರಿ. ಪ್ರಶ್ನೆ ನಂಬರ್ ಸರಿಯಾಗಿ ಹಾಕಿದ್ರ ಯಾವುದನ್ನ ಮೊದ್ಲು ಬರೆದ್ರೂ ನಡೀತೈತಿ. ಅರ್ಧಕ್ಕ ನಿಂತ್ರ ಹೆದರಬ್ಯಾಡ್ರಿ. ಸೂತ್ರ ಬರೀರಿ, ಬೆಲೆ ಹಾಕ್ರಿ, ಜಾಗ ಬಿಟ್ಟು ಮುಂದ ಹೋಗ್ರಿ. ಹಂತಕ್ಕ ಅಂಕ ಐತಿ. ನಕ್ಷೆ, ಪ್ರಮೇಯ, ಸರಾಸರಿ, ಇವನ್ನ ಇವತ್ತಿನಿಂದ ದಿನಾ ಒಂದ್ಸಲ ಬರೀರಿ, ಗಡಿಯಾರ ಇಟ್ಕೊಂಡು. ಇಷ್ಟು ಮಾಡಿನೂ ಹೋದ್ರ? ಜೂನ್‌ನಾಗ ಮತ್ತ ಐತಿ. ನಾ ಬರೆದೆ, ಪಾಸಾದೆ. ಆದ್ರ ಯಾರಿಗೂ ಗೊತ್ತಾಗ್ದಂಗ ಹೋಗಿ ಬರೆದೆ. ಒಂದೇ ಸಲಕ್ಕ ಪಾಸಾದಾಕಿ ಅಂತ ಎಲ್ಲಾರೂ ಅಂದಾಗ ಸುಮ್ನ ಕುಂತೆ. ನನ್ನ ಸುಳ್ಳು ನೋಡಿ ಒಬ್ಬಾಕಿ ಹೆದರಿದ್ಲು. ತಪ್ಪು ನಂದು, ಆಕಿದಲ್ಲ. ಪೇಪರ್ ಕೈಗೆ ಬರೋತನಕ ಹೋಗ್ರಿ. ಹೋಗಿ ಕುಂದ್ರಿ. ಉಳಿದದ್ದು ಆಮೇಲೆ ನೋಡೋಣ."

ಫೋನು ಅಲುಗಲಿಲ್ಲ. ಇವತ್ತಿಗೂ ನನಗೆ ಆಶ್ಚರ್ಯ ಅದೇ. ಎಂಬತ್ತೆಂಟು ಸೆಕೆಂಡು ಆ ಚೌಕಟ್ಟು ಒಂದು ಕೂದಲೆಳೆಯಷ್ಟೂ ಜರುಗಿಲ್ಲ. ನಾನು ಸುಮ್ಮನಾದ ಮೇಲೂ ಅವಳು ಎರಡು ಕ್ಷಣ ಹಾಗೆಯೇ ಹಿಡಿದಿದ್ದು, ಆಮೇಲೆ ನಿಲ್ಲಿಸಿ, ಫೋನನ್ನು ಬೆಂಚಿನ ಮೇಲೆ ಮೆತ್ತಗೆ ಇಟ್ಟಳು. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿದ್ದೆ ನಾನು, ಮೂರ್ಖಳು.

"ಎರಡು ವರ್ಷ" ಎಂದಳು. "ಎರಡು ವರ್ಷ ಒಂದೇ ಮನ್ಯಾಗ ಅದೀವಿ. ನಮ್ಮವ್ವ ನಿನ್ನ ಹೆಸರು ಹೇಳಿ ನನಗ ಬೈಯುವಾಗೆಲ್ಲ ನೀ ಅಲ್ಲೇ ಇರ್ತಿದ್ದಿ."

"ಹೌದು."

"ಒಂದ್ಸಲ ಹೇಳಾಕ ಆಗ್ಲಿಲ್ಲಾ ನಿನಗ?"

ಅವಳು ಬೆನ್ನು ತಿರುಗಿಸಿ, ಕಣ್ಣು ಒರೆಸಿಕೊಂಡು, ಫೋನನ್ನು ಚೀಲಕ್ಕೆ ಹಾಕಿದಳು. ಸರ್ ಅಷ್ಟು ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿದ್ದರು. ಮನೆಯವರೆಗೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಎರಡು ದಿನ ಮಾತಾಡಲಿಲ್ಲ.

ಮಾತಾಡದೆಯೇ ವಿಡಿಯೋ ಸಿದ್ಧ ಮಾಡಿದಳು. ಶುರುವಿನಲ್ಲಿ ನಾನು ಉಗುಳು ನುಂಗಿದ್ದನ್ನು ಕತ್ತರಿಸಿದಳು. ಹಿನ್ನೆಲೆಗೆ ಸಂಗೀತ ಹಾಕಲಿಲ್ಲ. ಕ್ಲಾಸಿನಲ್ಲಿ ಕದ್ದು ನೋಡುವವರಿಗೆ ಸದ್ದಿಲ್ಲದೆ ಅರ್ಥ ಆಗಬೇಕೆಂದು ಕೆಳಗೆ ಅಕ್ಷರ ಹಾಕಿದಳು. ಫೋನು ತಾನೇ ಬರೆದುಕೊಟ್ಟ ಕನ್ನಡದಲ್ಲಿ ಪ್ರಮೇಯ ಪ್ರೇಮವಾಗಿತ್ತು, ಅದನ್ನೆಲ್ಲ ಕೂತು ತಿದ್ದಿದಳು. ಮಸುಕಾಗದಿರಲಿ ಎಂದು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ನನಗೆ ಕಳಿಸಿ, ಕೆಳಗೆ ಒಂದೇ ಸಾಲು ಬರೆದಳು: "ದೊಡ್ಡಮ್ಮನಿಗೆ ತೋರಿಸಿ ಆಮೇಲೆ ಗುಂಪಿಗೆ ಹಾಕು."

ಅಮ್ಮ ಅಕ್ಕಿ ಆರಿಸುತ್ತಿದ್ದಳು. ನೋಡಿದಳು. ಮುಗಿದ ಮೇಲೆ ಮೊರವನ್ನು ಪಕ್ಕಕ್ಕೆ ಇಟ್ಟು, "ಊರಿಗೆಲ್ಲ ಡಂಗುರ ಹೊಡಿಯಾಕ ಹೊಂಟೀಯೇನು? ನಿನ್ನ ಮಾನ ಉಳಿಸಾಕ ನಾ ಸುಳ್ಳು ಹೇಳಿದೆ. ಈಗ ಆ ಸುಳ್ಳಿನಾಗ ನನ್ನ ಒಬ್ಬಾಕಿನ್ನ ನಿಂದ್ರಸ್ತೀಯಾ?" ಎಂದಳು. ಅವಳ ಮಾತೂ ನಿಜವೇ. ನಾನು ಅತ್ತೆ, ಅವಳೂ ಅತ್ತಳು. ಕೊನೆಗೆ ಅಮ್ಮನೇ, ತಂಗಿ ಮಲಗುವ ಕೋಣೆಯ ಕಡೆ ನೋಡಿ, "ಆಕಿ ಪರೀಕ್ಷಿಗೆ ಕುಂದ್ರತಾಳೇನು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಹಂಗಾರ ಹಾಕು" ಎಂದು ಮತ್ತೆ ಮೊರ ಎಳೆದುಕೊಂಡಳು.

ಗುಂಪಿನಿಂದ ಗುಂಪಿಗೆ ಹಾರಿ ಮೂರನೇ ದಿನಕ್ಕೆ ಅದು ಕಂಪ್ಲಿ ಮುಟ್ಟಿತು. ಚಿಕ್ಕಮ್ಮ ಅಮ್ಮನ ಜೊತೆ ತಿಂಗಳುಗಟ್ಟಲೆ ಬಿಗಿಯಾಗಿಯೇ ಮಾತಾಡಿದಳು. ಆದರೆ ಸ್ಪೀಕರಿನಲ್ಲಿ ನನ್ನ ಹೆಸರು ಬರುವುದು ನಿಂತುಹೋಯಿತು. ತಂಗಿ ಒಂದು ಸಂಜೆ ನಕ್ಷೆ ಹಾಳೆ ತಂದು ನನ್ನ ಮುಂದೆ ಹಾಕಿ, "ಇಪ್ಪತ್ತಮೂರು, ಇದನ್ನ ಹೇಳಿಕೊಡು" ಎಂದಳು. ಪರೀಕ್ಷೆ ಮುಗಿಯುವವರೆಗೂ ನನ್ನನ್ನು ಅದೇ ಹೆಸರಿನಿಂದ ಕರೆದಳು. ನಾನು ಅವಳನ್ನು ಹದಿನೇಳು ಎಂದೆ. ನಾವಿಬ್ಬರೂ ಗಡಿಯಾರ ಇಟ್ಟುಕೊಂಡು ಲೆಕ್ಕ ಬಿಡಿಸಿದ ಆ ಸಂಜೆಗಳು, ನಡುವೆ ಅಮ್ಮ ತಂದಿಡುತ್ತಿದ್ದ ಮಂಡಕ್ಕಿ ಒಗ್ಗರಣೆ, ಅವಳ ಕಾಗೆ ಕಾಲಿನ ಅಕ್ಷರ. ಅಷ್ಟು ಸುಖದ ದಿನಗಳು ಅವು ಎಂದು ಆಗ ತಿಳಿಯಲಿಲ್ಲ.

ಗಣಿತದ ದಿನ ಬೆಳಿಗ್ಗೆ ಪರೀಕ್ಷಾ ಕೇಂದ್ರದ ಗೇಟಿನವರೆಗೆ ಹೋಗಿ ಬಿಟ್ಟೆ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತನ್ನ ನಂಬರು ಹುಡುಕಿ, ಕೋಣೆ ಯಾವುದೆಂದು ನೋಡಿಕೊಂಡು ಒಳಗೆ ಹೋದಳು. ಹಿಂದೆ ತಿರುಗಿ ನೋಡುತ್ತಾಳೇನೋ ಎಂದು ನಿಂತೇ ಇದ್ದೆ. ನೋಡಲಿಲ್ಲ.

ಫಲಿತಾಂಶ ಬರುವಾಗ ರಜೆಗೆಂದು ಎಲ್ಲರೂ ಕಂಪ್ಲಿಯಲ್ಲೇ ಇದ್ದೆವು. ಪಡಸಾಲೆಯಲ್ಲಿ ಅಜ್ಜಿ, ಅಮ್ಮ, ಚಿಕ್ಕಮ್ಮ. ಚಿಕ್ಕಮ್ಮನ ಅಂಗಡಿಗೆ ರವಿಕೆ ಕೊಡಲು ಬಂದಿದ್ದ ಓಣಿಯ ಮೂರು ನಾಲ್ಕು ಹೆಂಗಸರೂ ಅಲ್ಲೇ ಕೂತಿದ್ದರು. ನಾನೂ ತಂಗಿಯೂ ಒಳಕೋಣೆಯಲ್ಲಿ ಫೋನಿನಲ್ಲಿ ನೋಂದಣಿ ಸಂಖ್ಯೆ, ಹುಟ್ಟಿದ ದಿನ ಹಾಕಿ ಕಾದೆವು. ಪುಟ ತೆರೆಯಿತು. ಗಣಿತ ಎಂಬತ್ತಕ್ಕೆ ಮೂವತ್ತನಾಲ್ಕು. ನಾನು ಕಿರುಚುವವಳಿದ್ದೆ. ಅವಳ ಬೆರಳು ಅದರ ಕೆಳಗಿನ ಸಾಲಿನ ಮೇಲೆ ನಿಂತಿತ್ತು. ವಿಜ್ಞಾನ ಇಪ್ಪತ್ತೈದು. ಒಟ್ಟಾರೆ ಅನುತ್ತೀರ್ಣ.

ಉಳಿದಿದ್ದ ವಾರಗಳೆಲ್ಲ ಗಣಿತ ಗಣಿತ ಎಂದು ಬಡಿದುಕೊಂಡು ವಿಜ್ಞಾನದ ಪುಸ್ತಕವನ್ನು ಇಬ್ಬರೂ ಮುಟ್ಟಿರಲಿಲ್ಲ. ಅವಳ ಮುಖ ಸುಣ್ಣವಾಯಿತು. ಹೊರಗಿನಿಂದ ಚಿಕ್ಕಮ್ಮ, "ಏನಾತೇ?" ಎಂದು ಕೂಗಿದಳು. ಪಡಸಾಲೆಯ ಮಾತೆಲ್ಲ ನಿಂತಿತು. ನಾನು, "ಸೈಟ್ ಓಪನ್ ಆಗವಲ್ದು ಅಂತೀನಿ ತಡಿ" ಎಂದು ಪಿಸುಗುಟ್ಟಿದೆ. ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಗೆ ಮೊದಲು ಬಂದದ್ದು ಅದೇ.

ತಂಗಿ ನನ್ನನ್ನು ಒಂದು ಕ್ಷಣ ನೋಡಿದಳು. ಎದ್ದು, ಲಂಗ ಕೊಡವಿಕೊಂಡು, ಹೊಸ್ತಿಲ ಮೇಲೆ ಹೋಗಿ ನಿಂತಳು.

"ಗಣಿತ ಪಾಸ್. ಸೈನ್ಸ್ ಹೋಗೈತಿ. ಜೂನ್‌ನಾಗ ಬರಿತೀನಿ" ಎಂದಳು, ಪಡಸಾಲೆಯ ತುದಿಯಲ್ಲಿ ಕೂತವರಿಗೂ ಕೇಳುವ ಹಾಗೆ.

ರವಿಕೆಯವರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರು. ಆಮೇಲೆ ಅಜ್ಜಿ, "ಸೈನ್ಸು ಯಾವಾಗೈತಿ ನೋಡ್ಕೊಂಡು ಹೇಳು, ಅವತ್ತು ನಾ ಗೇಟಿನತನಕ ಬರ್ತೀನಿ" ಎಂದಳು. ಚಿಕ್ಕಮ್ಮ ಮಗಳಿಗೆ ಕೂರಲು ಜಾಗ ಮಾಡಿಕೊಟ್ಟಳು. ಅಮ್ಮ ಮಾತ್ರ ಅವರ ಕಡೆ ನೋಡದೆ, ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಹತ್ತಿರ ಬಂದಳು. ನನ್ನ ಕೈ ಹಿಡಿದುಕೊಂಡು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ ಹೇಳಿದಳು.

"ನಿನ್ನ ರಿಸಲ್ಟಿನ ದಿನ ಫೋನ್ ನಿನ್ನ ಕೈಗೇ ಕೊಡಬೇಕಿತ್ತವ್ವ ನಾನು."